ಮಾಳಿಗೆಯ ಮೇಲಿನ ಬೆನ್ನುಹುರಿ

ರಾಯಚೂರಿನ ವೈದ್ಯಕೀಯ ಕಾಲೇಜಿನಲ್ಲಿ ಅನಾಟಮಿ ಕಲಿಸಿ ನಿವೃತ್ತನಾದ ಮೇಲೂ ನನ್ನ ದಿನಚರಿ ಬದಲಾಗಲಿಲ್ಲ. ದೇವದುರ್ಗದ ಹಾಸ್ಟೆಲಿನಲ್ಲಿ ಗಂಟೆ ಬಾರಿಸಿದಾಗ ಏಳುವುದು, ಗಂಟೆ ಬಾರಿಸಿದಾಗ ಓದುವುದು ಎಂದು ಬೆಳೆದವನು ನಾನು. ಈಗ ಗಂಟೆ ಬಾರಿಸುವವರಿಲ್ಲ, ಆದರೂ ಅದೇ ಹೊತ್ತಿಗೆ ಏಳುತ್ತೇನೆ. ಮನೆಗೆ ಪಾಠಕ್ಕೆ ಬರುವವರೂ ಹೇಳಿದ ಹೊತ್ತಿಗೆ ಬರಬೇಕು. ಈ ಕಾರಣಕ್ಕೆ ನನ್ನಲ್ಲಿಗೆ ಬರುವವರು ಕಡಿಮೆ.

ಆ ಬೇಸಿಗೆಯಲ್ಲಿ ಬಂದವಳು ಮಾನ್ವಿಯ ಹುಡುಗಿ. ತಂದೆ ಬಸ್ ಕಂಡಕ್ಟರು. ಅವರ ಮನೆತನದಲ್ಲಿ ಡಾಕ್ಟರಿಕೆ ಓದಲು ಹೋದವಳು ಇವಳೇ ಮೊದಲು. ಎಂಬಿಬಿಎಸ್ ಮೊದಲ ವರ್ಷದಲ್ಲಿ ಉಳಿದೆಲ್ಲ ಪಾಸಾಗಿ ಅನಾಟಮಿಯಲ್ಲಿ ಬಿದ್ದಿದ್ದಳು, ಅದೂ ಮೆದುಳು, ನರಗಳ ಭಾಗವಾದ ನ್ಯೂರೋ ಅನಾಟಮಿಯ ದೆಸೆಯಿಂದ. ಸಪ್ಲಿಮೆಂಟರಿ ಪರೀಕ್ಷೆ ಹತ್ತಿರದಲ್ಲಿತ್ತು. ಅದರಲ್ಲೂ ಬಿದ್ದರೆ ಜೊತೆಯವರು ಮುಂದೆ ಹೋಗುತ್ತಾರೆ, ಇವಳು ಒಂದು ವರ್ಷ ಕಳೆದುಕೊಂಡು ಕಿರಿಯರ ಜೊತೆ ಕೂರಬೇಕು.

ಮೊದಲ ದಿನ ತಂದೆಯೇ ಕರೆದುಕೊಂಡು ಬಂದರು. ಖಾಕಿ ಅಂಗಿಯಲ್ಲೇ ಇದ್ದರು.

"ಸರ್, ಹುಡುಗಿ ಓದೋದ್ರಾಗ ಏನೂ ಕಮ್ಮಿ ಇಲ್ರಿ. ನಮ್ಮ ಬಸ್ಸಿನ್ಯಾಗ ಕುಂತರೂ ಓದ್ತಾಳ. ಇಳಿಯೋ ಊರು ಬಂದ್ರೂ ಗೊತ್ತಾಗಂಗಿಲ್ಲ ಅಕಿಗೆ."

"ಅಪ್ಪಾ, ಸಾಕು ಬಿಡು," ಎಂದು ಹುಡುಗಿ ನೆಲ ನೋಡಿದಳು.

"ಓದುವುದು ನನಗೆ ಬೇಕಿಲ್ಲ. ಪುಸ್ತಕ ಮುಚ್ಚಿದ ಮೇಲೆ ಏನು ಉಳಿಯುತ್ತದೆ ಅನ್ನುವುದು ಬೇಕು," ಎಂದೆ. ಕಂಡಕ್ಟರು ನನ್ನನ್ನೂ ಮಗಳನ್ನೂ ನೋಡಿ, "ಹಂಗಾದ್ರ ನೀವೇ ಸರಿ ಅದೀರಿ," ಎಂದು ಡ್ಯೂಟಿಗೆ ಹೊರಟರು.

ಅಂದೇ ಕ್ರಮ ಹಾಕಿಕೊಟ್ಟೆ. ಮೊದಲು ರಚನೆ: ಬೆನ್ನುಹುರಿ, ಅದರ ಮೇಲೆ ಮೆದುಳುಕಾಂಡದ ಮೆಡುಲ್ಲಾ, ಪಾನ್ಸ್, ಮಿಡ್‌ಬ್ರೇನ್, ಆಮೇಲೆ ಥಲಾಮಸ್, ಕೊನೆಗೆ ಮೆದುಳಿನ ಹೊರಪದರವಾದ ಕಾರ್ಟೆಕ್ಸ್. ಇವು ಕಟ್ಟಡದ ಮಹಡಿಗಳಿದ್ದಂತೆ. ಪ್ರತಿ ಮಹಡಿಯನ್ನು ಅಡ್ಡ ಕತ್ತರಿಸಿದರೆ ಹೇಗೆ ಕಾಣುತ್ತದೆಂದು ಚಿತ್ರ ಬರೆಯಬೇಕು. ಎರಡನೆಯದು ಆ ಮಹಡಿಗಳ ಮೂಲಕ ಏರುವ, ಇಳಿಯುವ ನರಮಾರ್ಗಗಳು, ಅಂದರೆ ಟ್ರ್ಯಾಕ್ಟುಗಳು. ಅವು ಹತ್ತಾರು ಇವೆ. ಅವುಗಳಲ್ಲಿ ಮೂರನ್ನು ಮೊದಲು ಗಟ್ಟಿ ಮಾಡಬೇಕು: ಕೈಕಾಲು ಆಡಿಸುವ ಆಜ್ಞೆ ಇಳಿಯುವ ಮಾರ್ಗ, ನೋವು ಮತ್ತು ಬಿಸಿತಣ್ಣಗಿನ ಅರಿವು ಏರುವ ಮಾರ್ಗ, ಕಂಪನ ಮತ್ತು ಕೀಲುಗಳ ನಿಲುವಿನ ಅರಿವು ಏರುವ ಮಾರ್ಗ. ಮೂರನೆಯದು ಲೀಜನ್: ಪೆಟ್ಟು ಎಲ್ಲಿ ಬಿದ್ದಿದೆ ಎಂದು ರೋಗಿಯ ಲಕ್ಷಣದಿಂದ ಕಂಡುಹಿಡಿಯುವುದು. ಭಾನುವಾರ ಹೊಸ ಪಾಠವಿಲ್ಲ, ಹಳೆಯದನ್ನು ತಿರುವಿಹಾಕುವುದಷ್ಟೇ.

ಹುಡುಗಿ ಒಂದು ದಿನವೂ ತಪ್ಪಿಸಲಿಲ್ಲ. ಮಾನ್ವಿಯಿಂದ ಬೆಳಗಿನ ಬಸ್ಸಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಐದು ಬಣ್ಣದ ಪೆನ್ನುಗಳಿಂದ ಬರೆದ ಚಿತ್ರಗಳು ಅಚ್ಚು ಹಾಕಿದಂತಿದ್ದವು. ಯಾವ ಮಾರ್ಗ ಎಲ್ಲಿ ದಾಟುತ್ತದೆ ಎಂದರೆ ಉಸಿರು ಬಿಡದೆ ಒಪ್ಪಿಸುತ್ತಿದ್ದಳು. ನನಗೆ ಇನ್ನೇನು ಬೇಕು? ಕೆಲಸ ಮುಗಿಯಿತು ಅಂದುಕೊಂಡೆ.

ಒಂದು ಬೆಳಿಗ್ಗೆ ಬಾಯಿಮಾತಿನ ಪರೀಕ್ಷೆ ಮಾಡಿದೆ. "ಒಬ್ಬನಿಗೆ ಬೆನ್ನಿಗೆ ಚಾಕು ಬಿದ್ದಿದೆ. ಎದೆಯ ಮಟ್ಟದಲ್ಲಿ ಬೆನ್ನುಹುರಿಯ ಬಲ ಅರ್ಧ ಮಾತ್ರ ಕತ್ತರಿಸಿದೆ. ಕಾಲುಗಳಲ್ಲಿ ಏನು ಕಾಣುತ್ತದೆ?"

"ಎಡಗಾಲಿಗೆ ಶಕ್ತಿ ಹೋಗ್ತದ್ರಿ ಸರ್. ಎಡಗಾಲಿನ ಕಂಪನ, ಕೀಲಿನ ಅರಿವು ಹೋಗ್ತದ. ಬಲಗಾಲಿಗೆ ನೋವು, ಬಿಸಿ ತಿಳಿಯಂಗಿಲ್ಲ."

ಎಲ್ಲವೂ ತಿರುಗುಮುರುಗು. ಒಂದೇ ಒಂದು ತಪ್ಪಾಗಿದ್ದರೆ ಮರೆವು ಎನ್ನಬಹುದಿತ್ತು. ಎಲ್ಲವೂ ಅಷ್ಟು ಕ್ರಮಬದ್ಧವಾಗಿ ತಪ್ಪಾಗಿದ್ದರೆ ಅದಕ್ಕೆ ಬೇರೆ ಕಾರಣವಿರಬೇಕು. ಬಿಳಿ ಹಾಳೆ ಕೊಟ್ಟು, ನೋವಿನ ಮಾರ್ಗವನ್ನು ಬಲಗಾಲಿನಿಂದ ಶುರು ಮಾಡಿ ಬರೆ ಎಂದೆ. ಹಸಿರು ಪೆನ್ನು ತೆಗೆದಳು. ಹಾಳೆಯ ಮೇಲೆ ಇಟ್ಟ ಕೈ ಅಲ್ಲಿಯೇ ನಿಂತಿತು.

"ಪುಸ್ತಕದಾಗ ಈ ಕಡಿಂದ ಇಲ್ರಿ ಸರ್."

ಆಗ ತಿಳಿಯಿತು. ಪುಸ್ತಕದ ಚಿತ್ರದಲ್ಲಿ ಗೆರೆ ಎಡಬದಿಯೊಂದರಿಂದಲೇ ಹೊರಟು ಇನ್ನೊಂದು ಬದಿಗೆ ದಾಟಿತ್ತು. ಇವಳು ಅದನ್ನೇ ನೂರು ಸಲ ನಕಲು ಮಾಡಿದ್ದಳು. ಕಲಿತದ್ದು ಶರೀರವನ್ನಲ್ಲ, ಆ ಒಂದು ಚಿತ್ರವನ್ನು. ಪ್ರಶ್ನೆಯಲ್ಲಿ ಯಾವ ಬದಿ ಬಂದರೂ ಇವಳ ಉತ್ತರ ಪುಸ್ತಕದ ಬದಿಯಿಂದಲೇ ಬರುತ್ತಿತ್ತು.

ಹುಡುಗಿಯ ಕಣ್ಣು ತುಂಬಿತು. "ನನ್ನ ಕೈಲೆ ಆಗಂಗಿಲ್ರಿ ಸರ್. ಜೂನಿಯರ್ಸ್ ಜತಿ ಕುಂದ್ರತೀನಿ. ಅಪ್ಪಗ ನಾನೇ ಹೇಳ್ತೀನಿ."

"ನಾಳೆ ಅರ್ಧ ಗಂಟೆ ಬೇಗ ಬಾ. ಪೆನ್ನು ತರಬೇಡ," ಎಂದೆ.

ಮರುದಿನ ಬಿಸಿಲೇರುವ ಮೊದಲು ಅವಳನ್ನು ಮಾಳಿಗೆಗೆ ಕರೆದುಕೊಂಡು ಹೋದೆ. ಒಂದು ಮೂಲೆಯಲ್ಲಿ ನನ್ನ ಹೆಂಡತಿ ಒಣಹಾಕಿದ ಮೆಣಸಿನಕಾಯಿ ಹರಡಿತ್ತು. ಉಳಿದ ಜಾಗದಲ್ಲಿ ಸುಣ್ಣದ ಗೆರೆ ಎಳೆದು ಒಬ್ಬ ಮನುಷ್ಯನನ್ನು ಬೋರಲು ಮಲಗಿಸಿದ್ದೆ. ಕಾಲು ಮೆಟ್ಟಿಲು, ಮೆಣಸಿನಕಾಯಿ ಇದ್ದ ಕಡೆ, ತಲೆ ಅದರ ಎದುರಿನ ಗೋಡೆಯ ಕಡೆ. ಬೆನ್ನುಹುರಿಯಿಂದ ಕಾರ್ಟೆಕ್ಸ್ ತನಕ ಪ್ರತಿ ಮಹಡಿಗೂ ಅಡ್ಡಗೆರೆ. ನಡುವೆ ಉದ್ದಕ್ಕೆ ಒಂದು ಗೆರೆ.

"ಕಾಲಿನ ಹತ್ತಿರ ನಿಲ್ಲು. ಅವನು ಬೋರಲು ಮಲಗಿದ್ದಾನೆ, ನೀನು ಅವನ ತಲೆಯ ಕಡೆ ಮುಖ ಮಾಡಿದ್ದೀ. ನಿನ್ನ ಬಲವೇ ಅವನ ಬಲ. ಈಗ ನೀನೇ ನೋವು. ಬಲಗಾಲಿಗೆ ಮುಳ್ಳು ಚುಚ್ಚಿದೆ. ನಡೆ."

ನಡೆದಳು. ಬೆನ್ನುಹುರಿಗೆ ಬಂದ ಕೂಡಲೇ, ಒಂದೆರಡು ಹೆಜ್ಜೆಯೊಳಗೆ, ಎಡಕ್ಕೆ ದಾಟಿದಳು. ಮುಂದೆ ಎಡದಲ್ಲೇ ಥಲಾಮಸ್ ತನಕ, ಅಲ್ಲಿಂದ ಎಡ ಕಾರ್ಟೆಕ್ಸಿಗೆ.

"ಈಗ ನೀನು ಕಂಪನ. ಅದೇ ಬಲಗಾಲು."

ಈ ಸಲ ಬಲದಲ್ಲೇ ಏರಿದಳು. ಮೆಡುಲ್ಲಾದ ಗೆರೆಗೆ ಬಂದು ನಿಂತು ನನ್ನ ಮುಖ ನೋಡಿದಳು. ಎಡಕ್ಕೆ ದಾಟಿದಳು.

"ಇನ್ನು ಆಜ್ಞೆ. ಮೆದುಳಿನಿಂದ ಕಾಲಿಗೆ ಇಳಿಯಬೇಕು."

ತಲೆಯ ಕಡೆಯಿಂದ ತಿರುಗಿ ಕಾಲಿನ ಕಡೆ ಮುಖ ಮಾಡಿ ಹೊರಟಳು. "ನಿಲ್ಲು! ತಿರುಗಿದೆ ಅಂದರೆ ನಿನ್ನ ಬಲ ಅವನ ಎಡವಾಯಿತು. ಇಳಿಯುವಾಗ ತಿರುಗಬಾರದು. ಹಿಂದಕ್ಕೆ ನಡಿ."

ಹಿಂದಕ್ಕೆ ನಡೆಯುವುದು ಹೇಳಿದಷ್ಟು ಸುಲಭವಲ್ಲ. ಬಲ ಕಾರ್ಟೆಕ್ಸಿನಿಂದ ಹೊರಟು ಮಿಡ್‌ಬ್ರೇನ್, ಪಾನ್ಸ್ ದಾಟಿ, ಮೆಡುಲ್ಲಾದ ಕೆಳತುದಿಯಲ್ಲಿ ಎಡಕ್ಕೆ ಸರಿದು, ಹಾಗೆಯೇ ಹಿಂದೆ ಹಿಂದೆ ಬಂದವಳು ಮನುಷ್ಯನನ್ನು ದಾಟಿ ಮೆಣಸಿನಕಾಯಿಯ ರಾಶಿಗೆ ಕಾಲಿಟ್ಟಳು. ಅದೇ ಹೊತ್ತಿಗೆ ಹೆಂಡತಿ ಚಹಾ ಹಿಡಿದು ಮೆಟ್ಟಿಲು ಹತ್ತಿ ಬಂದಳು.

"ಯವ್ವಾ, ಮುಂದ ನೋಡಿ ನಡಿಯೋ ಹುಡುಗಿಗೆ ಹಿಂದ ನಡಿಯೋದು ಕಲಸ್ಯಾರಲ್ಲ ಇವ್ರು! ಕಾಲು ತೊಳಕೋ, ಇಲ್ಲಂದ್ರ ಉರೀತದ. ಏನ್ರೀ, ನಿಮ್ಮ ಮನಷ್ಯಾಗ ನನ್ನ ಮೆಣಸಿನಕಾಯಿ ಬಿಟ್ಟು ಬ್ಯಾರೆ ಜಾಗಾ ಸಿಗಲಿಲ್ಲೇನು?"

"ಅಮ್ಮಾ, ಆಜ್ಞೆ ಕಾಲಿಗೆ ಮುಟ್ಯದ್ರಿ," ಎಂದು ಹುಡುಗಿ ನಕ್ಕಳು. ಹಲವು ದಿನಗಳ ಮೇಲೆ ನಕ್ಕಿದ್ದಳು.

ಆಮೇಲೆ ಇಟ್ಟಿಗೆಯೊಂದನ್ನು ಎದೆಯ ಮಟ್ಟದಲ್ಲಿ ಬೆನ್ನುಹುರಿಯ ಬಲ ಅರ್ಧದ ಮೇಲೆ ಇಟ್ಟೆ. "ಚಾಕುವಿನ ಪೆಟ್ಟು. ಮೂರೂ ಮಾರ್ಗ ನಡೆದು, ಯಾವುದು ಇಟ್ಟಿಗೆಗೆ ತಾಗುತ್ತದೆ ಹೇಳು." ಬಲಗಾಲಿನ ಕಂಪನ ತಾಗಿತು. ಬಲಗಾಲಿಗೆ ಹೋಗುವ ಆಜ್ಞೆ ಮೆಡುಲ್ಲಾದಲ್ಲೇ ದಾಟಿ ಬಲಕ್ಕೆ ಬಂದಿದ್ದರಿಂದ ಅದೂ ತಾಗಿತು. ಬಲಗಾಲಿನ ನೋವು ಆಗಲೇ ಎಡಕ್ಕೆ ದಾಟಿದ್ದರಿಂದ ಪಾರಾಯಿತು. ಎಡಗಾಲಿನ ನೋವು ದಾಟಿ ಬಂದು ಇಟ್ಟಿಗೆಗೆ ತಾಗಿತು. ಬಲಗಾಲಿಗೆ ಶಕ್ತಿ ಇಲ್ಲ, ಎಡಗಾಲಿಗೆ ನೋವು ಗೊತ್ತಾಗುವುದಿಲ್ಲ. ಇಟ್ಟಿಗೆಯನ್ನು ಎಡಕ್ಕೆ ಸರಿಸಿ ಮತ್ತೆ ನಡೆಸಿದೆ.

ಅಂದಿನಿಂದ ನನ್ನ ಕ್ರಮವನ್ನೂ ಬದಲಿಸಿದೆ. ಬಣ್ಣದ ಪೆನ್ನುಗಳನ್ನು ಚೀಲದಿಂದ ತೆಗೆಸಿದೆ. ಬೆಳಿಗ್ಗೆ ಬಂದ ತಕ್ಷಣ ಪುಸ್ತಕ ಮುಟ್ಟದೆ, ಬಿಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಮಹಡಿ, ಒಂದು ಮಾರ್ಗ ಬರೆಯಬೇಕು. ಯಾವ ಬದಿಯಿಂದ ಶುರು ಅನ್ನುವುದನ್ನು ನಾನು ಹೇಳುತ್ತೇನೆ. ಬರೆದಾದ ಮೇಲೆ ಪುಸ್ತಕ ತೆಗೆದು ತಪ್ಪು ತಿದ್ದಬೇಕು. ತಪ್ಪಿದ್ದು ಮರುದಿನವೇ ಮತ್ತೆ ಬರುತ್ತದೆ. ಸರಿಯಾದದ್ದು ಕೆಲವು ದಿನ ಬಿಟ್ಟು, ಅದೂ ಸರಿಯಾದರೆ ಇನ್ನೂ ದೂರ ಬಿಟ್ಟು ಬರುತ್ತದೆ. ಮರೆಯುವ ಹೊತ್ತಿಗೆ ನೆನಪಿಸಿಕೊಂಡರೆ ಅದು ನಿಲ್ಲುತ್ತದೆ. ಈಗಾಗಲೇ ಗೊತ್ತಿರುವುದನ್ನೇ ಮತ್ತೆ ಮತ್ತೆ ಓದುವುದು ಸುಖ, ಕಲಿಕೆಯಲ್ಲ.

ಲೀಜನ್‌ಗಳನ್ನು ಒಂದೊಂದು ಅಧ್ಯಾಯದಂತೆ ಓದಿಸುವುದನ್ನೂ ಬಿಟ್ಟೆ. ಬೆನ್ನುಹುರಿ, ಮೆಡುಲ್ಲಾ, ಮಿಡ್‌ಬ್ರೇನ್ ಎಲ್ಲ ಕಲಸಿ ಕೇಳುತ್ತಿದ್ದೆ. ರೋಗಿ ಬರುವಾಗ ಯಾವ ಅಧ್ಯಾಯ ಎಂದು ಹೇಳಿಕೊಂಡು ಬರುವುದಿಲ್ಲವಲ್ಲ. ಕೇಳುವ ಪ್ರಶ್ನೆ ಎರಡೇ: ಯಾವ ಮಹಡಿ? ಯಾವ ಬದಿ? ಮುಖ, ಕಣ್ಣು, ನಾಲಿಗೆಯ ನರಗಳು ಮೆದುಳುಕಾಂಡದ ಒಂದೊಂದು ಮಹಡಿಯಿಂದ ಹೊರಡುತ್ತವೆ, ಆದ್ದರಿಂದ ಅವು ಮಹಡಿ ತಿಳಿಸುತ್ತವೆ. ಅಲ್ಲಿ ಪೆಟ್ಟು ಬಿದ್ದರೆ ಸಾಮಾನ್ಯವಾಗಿ ಆ ನರದ ತೊಂದರೆ ಪೆಟ್ಟಿನ ಬದಿಯಲ್ಲೇ ಕಾಣುತ್ತದೆ, ಕೈಕಾಲಿನ ದೌರ್ಬಲ್ಯ ಎದುರು ಬದಿಯಲ್ಲಿ.

ಹುಡುಗಿ ಮಾನ್ವಿಗೆ ಮರಳುವ ಬಸ್ಸಿನಲ್ಲಿ ತಂದೆಗೇ ಪಾಠ ಹೇಳುತ್ತಿದ್ದಳಂತೆ. ಒಮ್ಮೆ ಕಂಡಕ್ಟರು ಹೇಳಿದರು: "ಸರ್, ನನಗೇನೂ ತಿಳಿಯಂಗಿಲ್ರಿ. ಆದ್ರೂ ಹೂಂ ಅಂತೀನಿ. ಹೂಂ ಅನ್ನೋದು ತಪ್ಪಿದ್ರ ಮೊದಲಿಂದ ಹೇಳ್ತಾಳ."

"ಹೂಂ ಅನ್ನುತ್ತಲೇ ಇರಿ. ಅವಳು ಬಾಯಿಬಿಟ್ಟು ಹೇಳುವುದು ಮುಖ್ಯ," ಎಂದೆ.

ವೈವಾ, ಅಂದರೆ ಸಪ್ಲಿಮೆಂಟರಿಯ ಬಾಯಿಮಾತಿನ ಪರೀಕ್ಷೆಯ ದಿನ ನಾನು ಕಾಲೇಜಿನ ಕಡೆ ಹೋಗಲಿಲ್ಲ. ಮಧ್ಯಾಹ್ನದ ಊಟ ಹೊತ್ತಿಗೆ ಸರಿಯಾಗಿ ಮಾಡಿದೆ, ಏನು ಉಂಡಿರಿ ಎಂದು ಹೆಂಡತಿ ಕೇಳಿದರೆ ಹೇಳಲಾಗಲಿಲ್ಲ. ಸಂಜೆ ಹುಡುಗಿ ಬಂದಳು. ಬಾಗಿಲಲ್ಲೇ ನಿಂತು ಹೇಳತೊಡಗಿದಳು.

ಬೇರೆ ಊರಿನಿಂದ ಬಂದ ಪರೀಕ್ಷಕರು ಕೇಳಿದ್ದರು: ಬಲಗಣ್ಣಿನ ರೆಪ್ಪೆ ಜೋತಿದೆ, ಪಾಪೆ ಹಿಗ್ಗಿದೆ, ಎಡಗೈ ಎಡಗಾಲಿಗೆ ಶಕ್ತಿ ಇಲ್ಲ. ಪೆಟ್ಟು ಎಲ್ಲಿ?

"ಪುಸ್ತಕದ ಚಿತ್ರಾನೇ ಕಣ್ಮುಂದ ಬಂತ್ರಿ ಸರ್, ಅದೂ ಅದೇ ಎಡಗಡಿಂದ. ಎಡ ಅನ್ನಾಕ ಬಾಯಿ ತೆಗದಿದ್ದೆ. ಆಮ್ಯಾಲ ಎದ್ದು ನಿಂತು ಹಿಂದಕ್ಕ ಎರಡು ಹೆಜ್ಜಿ ಇಟ್ಟೆ."

"ಪರೀಕ್ಷಕರ ಮುಂದೆಯೇ?"

"ಹೌದ್ರಿ. 'ಯಾಕಮ್ಮ, ಓಡಿ ಹೋಗ್ತಾ ಇದೀಯಾ?' ಅಂದ್ರು. 'ಇಲ್ರಿ ಸರ್, ಬಲ ಕಾರ್ಟೆಕ್ಸಿಂದ ಕೆಳಗ ಇಳಿಯಾಕತ್ತೀನಿ' ಅಂದೆ. ಮಿಡ್‌ಬ್ರೇನಿಗೆ ಬಂದು ನಿಂತೆ. ಕಣ್ಣಿನ ಮೂರನೇ ನರ ಅಲ್ಲಿಂದಾನೇ ಹೊರಡ್ತದ, ಅದಕ್ಕ ಬಲಗಣ್ಣು. ಆಜ್ಞೆ ಇಳಿಯೋ ಮಾರ್ಗಾನೂ ಅಲ್ಲೇ ಕಡದದ, ಇನ್ನೂ ದಾಟಿಲ್ಲ, ಕೆಳಗ ಮೆಡುಲ್ಲಾದಾಗ ದಾಟ್ತದ. ಅದಕ್ಕ ಎಡಗೈ, ಎಡಗಾಲು. ಪೆಟ್ಟು ಬಲ ಮಿಡ್‌ಬ್ರೇನ್ ಅಂದೆ."

"ಆಮೇಲೆ?"

"'ಇದನ್ನ ಯಾರು ಕಲಿಸಿದ್ರು?' ಅಂದ್ರು. ಮಾಳಿಗಿ ಮ್ಯಾಲ ಕಲ್ತೆ ಅಂದೆ. ನಕ್ಕೋತ ಮುಂದಿನ ಪ್ರಶ್ನಿ ಕೇಳಿದ್ರು."

ಫಲಿತಾಂಶ ಬಂದ ದಿನ ಕಂಡಕ್ಟರೇ ಫೋನ್ ಮಾಡಿದರು. ಬಸ್ಸಿನ ಸದ್ದಿನಲ್ಲಿ ಮೊದಲು ಏನೂ ಕೇಳಲಿಲ್ಲ. ಮತ್ತೆ ಕೂಗಿ ಹೇಳಿದರು, "ಪಾಸಾಗ್ಯಾಳ್ರೀ ಸರ್! ಜತಿಯವರ ಕೂಡ ಮುಂದಿನ ವರ್ಷಕ್ಕ ಹೊಂಟಾಳ!"

ಫೋನ್ ಇಟ್ಟು ಮಾಳಿಗೆಗೆ ಹೋದೆ. ಸುಣ್ಣದ ಮನುಷ್ಯ ಅರ್ಧ ಅಳಿಸಿಹೋಗಿದ್ದ. ಇಟ್ಟಿಗೆ ಎಡ ಪಾನ್ಸ್ ಮೇಲೆ ಇತ್ತು, ಕೊನೆಯ ಅಭ್ಯಾಸದ್ದು. ನೀರು ಹಾಕಿ ತೊಳೆದೆ. ಹೆಂಡತಿ ಕೆಳಗಿನಿಂದಲೇ, "ಜಾಗ ಖಾಲಿ ಆತೇನ್ರೀ?" ಎಂದು ಕೇಳಿದಳು. ಆತು ಎಂದೆ. ಮೆಣಸಿನಕಾಯಿಯನ್ನು ಇಡೀ ಮಾಳಿಗೆಗೆ ಹರಡಿದಳು.