ಸುವರ್ಣಮ್ಮನ ಬೀಗದ ಕೈ

ಕೌದಳ್ಳಿಯಲ್ಲಿ ಬೆಟ್ಟದ ರಸ್ತೆಗೆ ಅಂಟಿದ ಮೂರು ರೂಮುಗಳ ಒಡತಿ ಸುವರ್ಣಮ್ಮ. ಊರವರ ಬಾಯಲ್ಲಿ ಸಾಹುಕಾರ್ತಿ. ಆ ಸಾಹುಕಾರ್ತಿ ಒಂಬತ್ತು ವರ್ಷದಿಂದ ಬೇರೆ ಊರಿನಲ್ಲಿ ಒಂದು ರಾತ್ರಿಯೂ ಮಲಗಿಲ್ಲ. ಮಾದಪ್ಪನ ಬೆಟ್ಟಕ್ಕೆ ಹೋಗುವವರು ಇವತ್ತು ಬಂದು ನಾಳೆ ಖಾಲಿ ಮಾಡುತ್ತಾರೆ. ಬೀಗದ ಕೈ ಕೊಡಲು, ವಾಪಸು ಇಸಿದುಕೊಳ್ಳಲು ಅವಳು ಜಗುಲಿಯಲ್ಲಿ ಕೂತಿರಲೇಬೇಕು. ಕೆಲವರು ಅದನ್ನು ಜೇಬಿನಲ್ಲಿಟ್ಟುಕೊಂಡೇ ಊರು ಸೇರುತ್ತಾರೆ. ಆಮೇಲೆ ಬೀಗ ಒಡೆಯುವುದು, ಹೊಸದು ತರುವುದು. ಮಂಡಿ ಸವೆದಿತ್ತು, ಮನಸ್ಸೂ ಸವೆದಿತ್ತು.

ಬರುವ ತಿಂಗಳು ಯಳಂದೂರಿನಲ್ಲಿ ಮಗಳು ದೀಪಳಿಗೆ ಹೆರಿಗೆ. ಆಪರೇಷನ್ನೇ ಆಗಬೇಕೆಂದು ಡಾಕ್ಟರು ಹೇಳಿದ್ದರು. ಬಾಣಂತನಕ್ಕೆ ಅವ್ವ ಹೋಗದೆ ಆಗುವುದಿಲ್ಲ. ರೂಮು ಮುಚ್ಚಿದರೆ ಹೊಟ್ಟೆಗಿಲ್ಲ.

ಕೊಳ್ಳೇಗಾಲದ ಹಾರ್ಡ್‌ವೇರ್ ಅಂಗಡಿಯ ಬಸವಕುಮಾರನನ್ನು ಕರೆಸಿದಳು.

"ಸ್ಮಾರ್ಟ್ ಲಾಕ್ ಆಕಿಸ್ಬುಡಿ ಸುವರ್ಣಕ್ಕ. ಯಳಂದೂರಲ್ಲೇ ಕುಂತು ಫೋನಲ್ಲಿ ಒಬ್ಬೊಬ್ರಿಗೆ ಒಂದೊಂದು ನಂಬರ್ ಕೊಡ್ಬೋದು. ಅವ್ರು ಓದ್ಮೇಲೆ ಆ ನಂಬರ್ ಕೆಲ್ಸ ಮಾಡಲ್ಲ."

"ಸೆಲ್ ಮುಗುದ್ರೆ?"

"ಮುಗಿಯಕ್ ಮುಂಚೆನೇ ಕೂಗ್ತದೆ."

"ಕೇಳುಸ್ಕಳಕ್ಕೆ ಇಲ್ಲಿ ಯಾರ್ಲಾ ಇರ್ತಾರೆ, ನಿಮ್ಮಪ್ಪನಾ?"

ಬಸವಕುಮಾರ್ ನಗುತ್ತಲೇ ಬಾಗಿಲು ಎಳೆದು ನೋಡಿದ. ನಗು ನಿಂತಿತು. ಎರಡು ರೆಕ್ಕೆಯ ಹಳೇ ಬಾಗಿಲು, ಚಿಲಕಕ್ಕೆ ನೇತು ಹಾಕುವ ಬೀಗ. ಅವನ ಲಾಕು ಕೂರಬೇಕಾದರೆ ಮೂರೂ ಬಾಗಿಲು ಕಿತ್ತು ಬೇರೆ ಇಡಬೇಕು.

"ಅಂಗಾದ್ರೆ ಬ್ಯಾಡ ಬುಡಕ್ಕ," ಎಂದು ಗೋಡೆಗೆ ತಿರುಪು ಹಾಕಿ ಕೂರಿಸುವ ಪುಟ್ಟ ಪೆಟ್ಟಿಗೆ ತೆಗೆದ. ನಾಲ್ಕು ಅಂಕಿ ಸರಿಯಾಗಿ ತಿರುಗಿಸಿದರೆ ಮುಚ್ಚಳ ಬಿಚ್ಚುತ್ತದೆ, ಒಳಗೆ ಬೀಗದ ಕೈ. "ಜನ ಬದ್ಲಾದಂಗೆಲ್ಲ ನಂಬರ್ ಬದ್ಲಾಯ್ಸಿ," ಎನ್ನುತ್ತ ಮೂರು ರೂಮಿಗೂ ಒಂದೊಂದು ಕೂರಿಸಿಕೊಟ್ಟ.

ಸುವರ್ಣಮ್ಮ ಬದಲಾಯಿಸಲಿಲ್ಲ. ಒಂದೇ ನಂಬರಾದರೆ ಬಾಯಲ್ಲೇ ಇರುತ್ತದೆ ಅಂದುಕೊಂಡಳು.

ಅವಳು ಯಳಂದೂರಿಗೆ ಹೊರಡುವ ಮುಂಚಿನ ಅಮಾವಾಸ್ಯೆಯ ಬೆಳಿಗ್ಗೆ, ಫೋನಿನಲ್ಲಿ ರೂಮು ಹಿಡಿದಿದ್ದ ಸಂಸಾರ ಬಂದು ನೋಡಿದರೆ ಒಳಗೆ ಏಳು ಜನ ಚಿತ್ರಾನ್ನ ತಿನ್ನುತ್ತಿದ್ದರು.

"ಯಾರ್ರಯ್ಯ ನೀವು?" ಎಂದಳು ಸುವರ್ಣಮ್ಮ, ಮನೆಯೊಳಗಿಂದ ಬಂದು.

"ಲೊಕ್ಕನಳ್ಳಿಯೋರು ಕಣವ್ವ. ಓದ್ವಾರ ಇಲ್ಲಿದ್ನಲ್ಲ, ನಮ್ ಶಿವಯ್ಯ, ಅವ್ನೇ ನಂಬರ್ ಯೋಳ್ದ. ನಿಮ್ಗೆ ಯಾಕ್ ತೊಂದ್ರೆ ಅಂತ ನಾವೇ ತಕ್ಕಂಡ್ವಿ."

ಕಳ್ಳರಲ್ಲ. ರೂಮು ಗುಡಿಸಿ, ಕೊಡ ತುಂಬಿಸಿಟ್ಟಿದ್ದರು. ಬೈಯುವಂತೆಯೂ ಇಲ್ಲ. ಬಂದ ಸಂಸಾರವನ್ನು ತನ್ನ ನಡುಮನೆಯಲ್ಲೇ ಇಳಿಸಿ, ದೀಪಳಿಗೆ ಫೋನು ಮಾಡಿ, "ನಾ ಬರಕ್ಕಾಗಲ್ಲ ಕಣವ್ವ, ನಂಬರ್ ಬದ್ಲಾಯ್ಸಕ್ಕೆ ಇಲ್ಲೇ ಇರ್ಬೇಕು" ಎಂದಳು.

ಜನ ಖಾಲಿ ಮಾಡಿದ ಮೇಲೆ ಕಸ ಬಳಿದು ಹಾಸಿಗೆ ಒಗೆಯುವ ಮಾದೇವಮ್ಮ ಪೊರಕೆ ಹಿಡಿದೇ ಕೇಳಿಸಿಕೊಂಡಳು.

"ಒಬ್ಬೊಬ್ರು ಓದಂಗೆಲ್ಲ ನಾ ಎಂಗೂ ಬತ್ತೀನಲ್ಲಕ್ಕ. ಅದೇನು ತಿರುಗ್ಸದು, ತೋರ್ಸಿ."

ಮುಚ್ಚಳ ಬಿಚ್ಚಿ, ಒಳಗಿನ ಸಣ್ಣ ಕಡ್ಡಿ ಸರಿಸಿ, ಹೊಸ ಅಂಕಿ ಇಟ್ಟು, ಕಡ್ಡಿ ವಾಪಸು ತರಬೇಕು. ಮೂರನೇ ಸಲಕ್ಕೆ ಕಲಿತಳು. ಯಾರಾದರೂ ಬೀಗದ ಕೈ ಹೊತ್ತೊಯ್ದರೆ ಇರಲೆಂದು ಇನ್ನೊಂದು ಜೊತೆ ಅವಳ ಮಡಿಲಿಗೆ ಹೋಯಿತು.

ಸುವರ್ಣಮ್ಮ ಯಳಂದೂರಿಗೆ ಹೋದಳು. ಕಾಲು ನೀಡಿ ಮೊಮ್ಮಗಳಿಗೆ ನೀರು ಹಾಕುವಾಗಲೇ ಫೋನು. "ನಡುಗಡೆ ರೂಮು, ಐದು ಸೊನ್ನೆ ಮೂರು ಎಂಟು," ಎಂದಳು ಮಾದೇವಮ್ಮ. ಒದ್ದೆ ಕೈಯಲ್ಲೇ ಅದನ್ನು ರೂಮು ಹಿಡಿದವರಿಗೆ ದಾಟಿಸಿದ್ದಾಯಿತು.

"ಇಲ್ಲೂ ಅದೇನಾ ಅವ್ವ?" ಎಂದಳು ದೀಪ.

"ನಾ ಕುಂತಿರ ಕಡೆಯಿಂದ್ಲೇ ಯೋಳ್ತಿವ್ನಲ್ಲ, ಅಷ್ಟು ಸಾಕು ಬುಡು. ನೀರು ಆರೋಯ್ತದೆ, ಚೊಂಬು ಕೊಡು."