ಹಿಂದಿನ ಪಾಲಿನ ಬಾಡಿಗೆ

ಮನಿಸಾಲೆಸ್‌ನ ನಮ್ಮ ಬೀದಿಯಲ್ಲಿ ಎಡಿಲ್ಮಾಳ ಮನೆಗೆ ಎರಡು ಬಾಗಿಲು. ಗಂಡ ಹಿಲ್ದಾರ್ದೊ ಸತ್ತ ಮೂರನೇ ತಿಂಗಳಿಗೆ ಅವಳು ಹಿಂದಿನ ಪಾಲನ್ನು ಯಮಿಲೆತ್‌ಗೆ ಬಾಡಿಗೆಗೆ ಕೊಟ್ಟಳು. ಯಮಿಲೆತ್ ಆಸ್ಪತ್ರೆಯವರ ಸಮವಸ್ತ್ರ ತಂದು ಇಸ್ತ್ರಿ ಮಾಡಿ ಬದುಕುವವಳು, ಒಂಟಿ.

ಮೊದಲ ಬಾಡಿಗೆ ನಿಗದಿಗೆ ಪಕ್ಕದ ಮನೆಯ ನನ್ನನ್ನು ಕರೆದಿದ್ದರು. ಇಡೀ ಮನೆಯ ಬೆಲೆ ಹನ್ನೆರಡು ಕೋಟಿ ಪೆಸೊ. ತಿಂಗಳ ಬಾಡಿಗೆ ಮನೆಬೆಲೆಯ ನೂರಕ್ಕೊಂದು ಪಾಲು ಮೀರಬಾರದೆಂದು ಕಾನೂನು. ಹಿಂದಿನ ಪಾಲು ಮನೆಯ ಮೂರನೇ ಒಂದು, ಹಾಗಾಗಿ ಹೆಚ್ಚೆಂದರೆ ನಾಲ್ಕು ಲಕ್ಷ. ಎಡಿಲ್ಮಾ ಮೂರೂವರೆ ಲಕ್ಷಕ್ಕೆ ಒಪ್ಪಿದಳು. ಮಾಡು, ಕೊಳಾಯಿ ಪೈಪಿನ ರಿಪೇರಿ ಅವಳ ಖರ್ಚು. ಮೀಟರು ಎರಡು ಪಾಲಿಗೂ ಒಂದೇ, ಬಿಲ್ಲನ್ನು ತಲೆ ಎಣಿಸಿ ಹಂಚುವುದು.

ಐದನೇ ತಿಂಗಳು ಅವಳು ಯಮಿಲೆತ್‌ಳನ್ನು ಮುಂದಿನ ಕೋಣೆಗೆ ಕರೆದಳು. ನಾನೂ ಅಲ್ಲಿದ್ದೆ. ಕುಡಿಯಲು ಇಟ್ಟ ಬೆಲ್ಲದ ಬಿಸಿನೀರು ಆರುತ್ತಿತ್ತು.

"ಬಾಡಿಗೆ ನಾಲ್ಕು ಲಕ್ಷ ಆಗ್ಬೇಕು. ನನ್ನ ಪಾಲಿನ ಬಿಲ್ಲು ನನ್ನ ಕೈಲಿ ಕಟ್ಟೋಕಾಗ್ತಿಲ್ಲ."

"ವರ್ಷ ತುಂಬೋ ತನಕ ಏರಿಸೋ ಹಾಗಿಲ್ಲ ದೋನ್ಯಾ ಎಡಿಲ್ಮಾ. ಏರಿಸಿದ್ರೆ ಖಾಲಿ ಮಾಡ್ತೀನಿ, ಆಮೇಲೆ ನಿಮಗೆ ಈ ಬಾಡಿಗೆನೂ ಬರಲ್ಲ," ಎಂದಳು ಯಮಿಲೆತ್. "ಬಿಲ್ಲು ತೋರಿಸಿ."

ನೀರು, ವಿದ್ಯುತ್ ಸೇರಿ ಒಂದು ಲಕ್ಷ ಐವತ್ತಾರು ಸಾವಿರ. ಹಿಂಬದಿಯಲ್ಲಿ ಎಡಿಲ್ಮಾಳ ಅಕ್ಷರ: ಮೂರು ಪಾಲು, ಯಮಿಲೆತ್ ಐವತ್ತೆರಡು ಸಾವಿರ, ನಾನು ನೂರ ನಾಲ್ಕು ಸಾವಿರ.

"ಎಷ್ಟು ಜನಕ್ಕೆ ಹಂಚಿದ್ದೀರಿ?"

"ಮೂವರಿಗೆ."

"ಯಾವ ಮೂವರು?"

ಎಡಿಲ್ಮಾ ಕಾಗದ ನೋಡಿದಳು. ಐದು ತಿಂಗಳೂ ಹಾಗೆಯೇ ಬರೆದಿದ್ದಳು. ನಾನು ಗಮನಿಸಿರಲಿಲ್ಲ.

"ಅಭ್ಯಾಸ," ಎಂದಳು.

ಯಮಿಲೆತ್ ಬಿಲ್ಲನ್ನು ತನ್ನ ಕಡೆ ಎಳೆದುಕೊಂಡಳು. "ವಿದ್ಯುತ್ ನೂರಮೂವತ್ತು ಯೂನಿಟ್ ತನಕ ನಮ್ಮ ಬೀದಿಗೆ ಸರ್ಕಾರದ ರಿಯಾಯಿತಿ, ಅಗ್ಗ. ಮೇಲೆ ಇಪ್ಪತ್ತು ಯೂನಿಟ್ ಪೂರ್ತಿ ಬೆಲೆ, ಹದಿನಾರು ಸಾವಿರ. ಅದು ನನ್ನ ಇಸ್ತ್ರಿದು, ನಾನೇ ಕೊಡ್ತೀನಿ. ಉಳಿದ ಒಂದು ಲಕ್ಷ ನಲವತ್ತು ಸಾವಿರ ಅರ್ಧರ್ಧ. ನನಗೆ ಎಂಬತ್ತಾರು ಸಾವಿರ, ನಿಮಗೆ ಎಪ್ಪತ್ತು."

"ನಿನಗೇ ಮೂವತ್ತನಾಲ್ಕು ಸಾವಿರ ಜಾಸ್ತಿ ಆಗುತ್ತಲ್ಲ."

"ಬಾಡಿಗೆ ಏರೋದಕ್ಕಿಂತ ಕಮ್ಮಿ. ಹಿಂದಿನ ನಾಲ್ಕು ಬಿಲ್ಲಿನ ವ್ಯತ್ಯಾಸ ಕೇಳ್ಬೇಡಿ ಮಾತ್ರ."

"ಕೇಳಲ್ಲ. ತಪ್ಪು ನನ್ನದು."

ಎಡಿಲ್ಮಾ ಪೆನ್ನು ತೆಗೆದುಕೊಂಡಳು. ಮೂರರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಎರಡು ಎಂದು ಬರೆದಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಹಿಲ್ದಾರ್ದೊನ ಶವಪೆಟ್ಟಿಗೆಯ ಮುಂದೆಯೂ ಹೀಗೆಯೇ ನಿಂತಿದ್ದಳು.

"ಎರಡು ಪಾಲಿನ ನಡುವಿನ ಓಣಿಯ ಬಲ್ಬ್ ಹೋಗಿದೆ," ಎಂದಳು. "ಅದೂ ಅರ್ಧರ್ಧ."

"ಸರಿ ದೋನ್ಯಾ."

ಬಾಡಿಗೆ ಮೂರೂವರೆ ಲಕ್ಷವೇ ಉಳಿಯಿತು. ಎಡಿಲ್ಮಾ ಆ ಕಾಗದವನ್ನು ಮಡಚಿ ಹಳೆಯ ಬಿಲ್ಲುಗಳ ಜೊತೆ ಇಟ್ಟಳು, ಬೆಲ್ಲದ ನೀರನ್ನು ಆರಿದ್ದಂತೆಯೇ ಕುಡಿದಳು.