ಹುಟ್ಟುಹಬ್ಬದ ಇಮೇಲಿನ ಎರಡನೇ ಸಾಲು

ರಜೆಯಲ್ಲಿದ್ದ ಮನುಷ್ಯನಿಗೆ ಅದು ತಿಳಿದದ್ದಾದರೂ ಹೇಗೆ? ಉಷ್ಣಮಾಪಕಗಳನ್ನೂ ತಕ್ಕಡಿಗಳನ್ನೂ ಪರೀಕ್ಷಿಸುವ ಆ ಪ್ರಯೋಗಾಲಯದಲ್ಲಿ ಅನುಮಾನದಕ್ಕ ಎಂದೇ ಹೆಸರಾದ ಹಿರಿಯ ಪರೀಕ್ಷಕಿಗೆ ನಾಲ್ಕು ವರ್ಷ ಉತ್ತರ ಸಿಗಲಿಲ್ಲ.

ಟೀಮ್ ಲೀಡ್ ಮಿತಭಾಷಿ. ಊಟದ ಡಬ್ಬಿಯನ್ನು ಕಿಟಕಿಯ ಬಳಿ ನಿಂತೇ ಮುಗಿಸುವವರು. ಆದರೆ ತಂಡದ ಹನ್ನೊಂದು ಜನರಲ್ಲಿ ಯಾರ ಹುಟ್ಟುಹಬ್ಬವಾದರೂ ಬೆಳಗ್ಗೆ ಒಂಬತ್ತಕ್ಕೆ ಅವರ ಇಮೇಲ್ ಬಂದಿರುತ್ತಿತ್ತು. ಮೊದಲ ಸಾಲು ಶುಭಾಶಯ. ಎರಡನೆಯದು ಆ ಒಬ್ಬರಿಗಷ್ಟೇ ಸಲ್ಲುವ ಮಾತು.

ತನ್ನ ಕೆಲಸ ಯಾರ ಕಣ್ಣಿಗೂ ಬೀಳುತ್ತಿಲ್ಲವೆಂದು ಬೇಸತ್ತು ಆಕೆ ವರ್ಗಾವಣೆಯ ಅರ್ಜಿ ಬರೆದಿಟ್ಟಿದ್ದ ವಾರ ಆಕೆಗೂ ಒಂದು ಬಂತು. ‘ಆ ಮಂಗಳವಾರ ಸಂಜೆ, ಎಲ್ಲರೂ ಹೊರಟ ಮೇಲೆ, ಉಷ್ಣಮಾಪಕವನ್ನು ನೀವು ಇನ್ನೊಮ್ಮೆ ಮಂಜುಗಡ್ಡೆಯ ನೀರಿಗಿಳಿಸಿ ಸೊನ್ನೆ ನೋಡಿಕೊಂಡಿರಿ. ಯಾರೂ ಹೇಳಿರಲಿಲ್ಲ.’

ನಿಜವೇ. ಆದರೆ ಅದು ಮನಸ್ಸಮಾಧಾನಕ್ಕೆ ನೋಡಿದ್ದು, ದಾಖಲೆಯಲ್ಲಿರಲಿಲ್ಲ. ಅಲ್ಲದೆ ಆ ವಾರವಿಡೀ ಟೀಮ್ ಲೀಡ್ ರಜೆಯಲ್ಲಿದ್ದರು.

ಆಕೆ ಅರ್ಜಿಯನ್ನು ತಡೆಹಿಡಿದಳು. ನಕಲು ಮಾತಿಗೆ ಮರುಳಾಗಿ ಉಳಿದೆನೇ ಎಂಬ ಕೊರೆತ ಮಾತ್ರ ಹೋಗಲಿಲ್ಲ. ಸಹೋದ್ಯೋಗಿಗಳನ್ನು ಕಾಡಿಬೇಡಿ ಹಳೆಯ ಇಮೇಲ್‌ಗಳನ್ನೆಲ್ಲ ತರಿಸಿಕೊಂಡು ಪಕ್ಕಪಕ್ಕ ಇಟ್ಟು ಓದಿದಳು. ಒಂದು ಸಾಲೂ ಮರುಕಳಿಸಿರಲಿಲ್ಲ.

“ಸರ್, ಇದನ್ನೆಲ್ಲ ಯಾವ ಯಂತ್ರ ಬರೆದುಕೊಡುತ್ತೆ?” ಎಂದು ಕೇಳಿಯೇಬಿಟ್ಟಳು.

“ನನ್ನ ಮೇಲೂ ಪರೀಕ್ಷೆ ಶುರುವಾಯ್ತಾ? ಫಲಿತಾಂಶ ಬಂದಾಗ ನಂಗೂ ಒಂದು ಪ್ರತಿ ಕೊಡಿ,” ಎಂದು ನಕ್ಕು ಡಬ್ಬಿ ಮುಚ್ಚಿದರು.

ನಾಲ್ಕನೆಯ ವರ್ಷ, ಹೃದಯ ನಿಂತು, ಅವರು ತೀರಿಕೊಂಡರು. ಅವರ ಕುರ್ಚಿ ಆಕೆಯ ಪಾಲಿಗೆ ಬಂತು. ಹದಿನೈದು ದಿನಗಳಲ್ಲಿ ತಂಡದ ಟೈಪಿಸ್ಟ್ ಹುಡುಗಿಯ ಹುಟ್ಟುಹಬ್ಬ. ‘ಹಾರ್ದಿಕ ಶುಭಾಶಯಗಳು’ ಎಂದು ಬರೆದು ಆಕೆ ಗರಬಡಿದವಳಂತೆ ಕೂತಳು. ಮುಂದಿನ ಅಕ್ಷರ ಹೊರಡಲೊಲ್ಲದು.

ಬಾಗಿಲಲ್ಲಿ ತಕ್ಕಡಿ ವಿಭಾಗದವನು ಕಾಣಿಸಿಕೊಂಡ. ಹಿಂದೊಮ್ಮೆ ಆಕೆಯ ವರದಿಯನ್ನು ಎಲ್ಲರೆದುರು ತಿರಸ್ಕರಿಸಿದ್ದ ಆಸಾಮಿ. ಅಂದಿನಿಂದ ಇಬ್ಬರ ನಡುವೆ ಮಾತು ಕಡಿದಿತ್ತು.

“ಟೈಪಿಸ್ಟ್ ವಿಷಯ ನೀವಿನ್ನೂ ಕೇಳಲೇ ಇಲ್ಲ,” ಎಂದ.

“ನಿಮ್ಮನ್ನ ಯಾಕೆ ಕೇಳಬೇಕು? ಅವಳಿಗೂ ನಿಮಗೂ ಹಾವು ಮುಂಗುಸಿ.”

“ಅದಕ್ಕೇ. ಸರ್ ಹಂಗೇ ಕೇಳ್ತಿದ್ರು. ಯಾರ ಹುಟ್ಟುಹಬ್ಬವೋ ಅವರನ್ನ ಕಂಡ್ರೆ ಯಾರಿಗೆ ಆಗಲ್ವೋ ಅವರ ಹತ್ರ ಎರಡು ವಾರ ಮುಂಚೆ ಹೋಗಿ, ‘ಈ ವರ್ಷ ಆ ಮನುಷ್ಯ ಮಾಡಿದ ಒಂದು ಒಳ್ಳೇ ಕೆಲಸ, ನೀನೇ ಕಣ್ಣಾರೆ ಕಂಡಿದ್ದು, ಹೇಳು’ ಅನ್ನೋರು. ಸ್ನೇಹಿತರು ಸುಮ್ನೆ ಹೊಗಳ್ತಾರಂತೆ. ಯಾರಿಗೂ ಬಾಯಿ ಬಿಡಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು.”

ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

“ಹಾಗಾದ್ರೆ ನನ್ನದು?”

ಅವನು ನೆಲ ನೋಡಿದ. “ಆ ಮಂಗಳವಾರ ನಾನಿನ್ನೂ ಹೊರಟಿರಲಿಲ್ಲ. ನಾಲ್ಕು ವರ್ಷವೂ ನನ್ನನ್ನೇ ಕೇಳಿದ್ರು, ಮೇಡಂ.”